ಹೂಳೆತ್ತುವ ಮೊದಲು

ಚಳಿಗಾಲದಲ್ಲಿ ಯಾರ ಮನೆಗೆ ಹೋದರೂ ನನ್ನ ಕೈ ತಾನಾಗಿ ಕಿಟಕಿಯ ಕೆಳಗಿನ ರೇಡಿಯೇಟರಿನ ಮೇಲೆ ಹೋಗುತ್ತದೆ. ಮೊದಲು ಮೇಲಂಚು, ಆಮೇಲೆ ಕೆಳಗಿನ ನಡುಭಾಗ. ಮೇಲೆ ತಣ್ಣಗಿದ್ದು ಕೆಳಗೆ ಬಿಸಿಯಿದ್ದರೆ ಒಳಗೆ ಗಾಳಿ ತುಂಬಿದೆ. ಮೇಲೆ ಬಿಸಿಯಿದ್ದು ಕೆಳಗೆ ನಡುವೆ ತಣ್ಣಗಿದ್ದರೆ ಹೂಳು ಕೂತಿದೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಹಳೆಯ ಮನೆ ಕೊಂಡ ನನ್ನ ಗೆಳೆಯನ ನಡುಮನೆಯಲ್ಲಿ ಎರಡನೆಯದು ಸಿಕ್ಕಿತು. ಮಹಡಿಯ ಮಲಗುವ ಕೋಣೆಯಲ್ಲಿ ಮೊದಲನೆಯದೂ ಸಿಕ್ಕಿತು. ಒಂದೇ ಮನೆಯಲ್ಲಿ ಎರಡೂ ಇದ್ದದ್ದೇ ನನ್ನನ್ನು ಯೋಚನೆಗೆ ಹಚ್ಚಿತು.

ಇಲ್ಲಿನ ಮನೆಗಳಲ್ಲಿ ಬಾಯ್ಲರ್ ನೀರು ಕಾಯಿಸುತ್ತದೆ, ಪಂಪು ಅದನ್ನು ತಾಮ್ರದ ಪೈಪುಗಳಲ್ಲಿ ಕೋಣೆ ಕೋಣೆಯ ಉಕ್ಕಿನ ರೇಡಿಯೇಟರಿಗೆ ತಳ್ಳುತ್ತದೆ, ತಣಿದ ನೀರು ಮತ್ತೆ ಬಾಯ್ಲರಿಗೆ ಬರುತ್ತದೆ. ವರ್ಷಗಟ್ಟಲೆ ತಿರುಗುವುದು ಅದೇ ನೀರು. ನಮ್ಮ ಕೆರೆಯ ಹೂಳು ಹೊರಗಿನಿಂದ ಹರಿದು ಬಂದ ಮಣ್ಣು. ಈ ಹೂಳು ಹಾಗಲ್ಲ, ಇದು ರೇಡಿಯೇಟರಿನದೇ ಮೈ. ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಉಕ್ಕು ಸವೆದು ಮ್ಯಾಗ್ನಟೈಟ್ ಎಂಬ ಕಪ್ಪು ಪುಡಿಯಾಗುತ್ತದೆ. ಜೊತೆಗೆ ಒಂದಿಷ್ಟು ಹೈಡ್ರೋಜನ್ ಹುಟ್ಟಿ ರೇಡಿಯೇಟರಿನ ಮೇಲ್ಭಾಗದಲ್ಲಿ ಸೇರುತ್ತದೆ. ಅದು ಹೊತ್ತಿಕೊಳ್ಳುವ ಅನಿಲವಾದ್ದರಿಂದ ಗಾಳಿ ಬಿಡುವಾಗ ಹತ್ತಿರ ದೀಪ, ಬೆಂಕಿ ಇರಬಾರದು. ಹೊಸ ಗಾಳಿ ಸೇರುತ್ತಲೇ ಇದ್ದರೆ ಕಪ್ಪಿನ ಜೊತೆ ಕೆಂಗಂದು ತುಕ್ಕೂ ಕಾಣುತ್ತದೆ.

ಹೂಳು ಮೈಯಿಂದಲೇ ಹುಟ್ಟುವುದರಿಂದ, ಅದನ್ನು ಬರಿದೇ ತೊಳೆದು ಹಾಕಿದರೆ ಸವೆತ ನಿಲ್ಲುವುದಿಲ್ಲ. ಗೆಳೆಯನ ಮನೆಗೆ ಬಂದ ಒಂದು ಕಂಪನಿಯವರು ನೀರಿನ ಬಣ್ಣ ನೋಡಿದ್ದೇ ತಡ, ಯಂತ್ರ ಹಚ್ಚಿ ಇಡೀ ವ್ಯವಸ್ಥೆಯನ್ನು ಪವರ್ ಫ್ಲಶ್ ಮಾಡಬೇಕೆಂದು ಬರೆದುಕೊಟ್ಟಿದ್ದರು. ಹಳೆಯ ವ್ಯವಸ್ಥೆಯ ನೀರು ಒಂದಿಷ್ಟು ಕಪ್ಪಾಗಿರುವುದು ಸಾಮಾನ್ಯ. ಬಣ್ಣ ನೋಡಿ ತೀರ್ಮಾನಿಸುವ ಬದಲು ಹೂಳು ಎಲ್ಲಿ ಕೂತಿದೆ, ಗಾಳಿ ಎಲ್ಲಿಂದ ಬರುತ್ತಿದೆ ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಹುಡುಕಬೇಕು.

ಒಂಬತ್ತು ರೇಡಿಯೇಟರುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದೆವು. ಏಳರ ತಳ ಚೆನ್ನಾಗಿ ಬಿಸಿಯಾಗುತ್ತಿತ್ತು. ಕೆಳಗಿನ ಎರಡರಲ್ಲಿ ಮಾತ್ರ ಹೂಳು. ಗಾಜಿನ ಶೀಶೆಗೆ ನೀರು ಹಿಡಿದು ಒಂದು ತಾಸು ಬಿಟ್ಟೆವು. ಮೇಲಿನ ನೀರು ತಿಳಿಯಾಗಿ ತಳದಲ್ಲಿ ಬೆರಳಿನ ದಪ್ಪಕ್ಕಿಂತ ಕಡಿಮೆ ಕಪ್ಪು ಕೂತಿತು. ತಳಕ್ಕೆ ಆಯಸ್ಕಾಂತ ಹಿಡಿದು ಸರಿಸಿದರೆ ಪುಡಿಯೆಲ್ಲ ಅದರ ಹಿಂದೆ ಬಂತು. ಆದರೆ ಮೇಲಿನ ಕೋಣೆಯ ರೇಡಿಯೇಟರಿನಲ್ಲಿ ವಾರಕ್ಕೊಮ್ಮೆ ಗಾಳಿ ಬಿಡಬೇಕಾಗುತ್ತಿತ್ತು. ಅಷ್ಟೊಂದು ಗಾಳಿಗೆ ಬರೀ ಸವೆತ ಕಾರಣವಾಗಲಾರದು.

ಅಟ್ಟ ಹತ್ತಿದೆವು. ಈ ಮನೆಯದು ಹಳೆಯ ಕಾಲದ ತೆರೆದ ವ್ಯವಸ್ಥೆ. ಅಟ್ಟದ ಸಣ್ಣ ತೊಟ್ಟಿಯಿಂದ 15 ಮಿಲಿಮೀಟರ್ ಪೈಪೊಂದು ಕೆಳಗಿಳಿದು ಕಡಿಮೆಯಾದ ನೀರನ್ನು ತುಂಬಿಕೊಡುತ್ತದೆ. 22 ಮಿಲಿಮೀಟರಿನ ಇನ್ನೊಂದು ಪೈಪು ಮೇಲೆ ಬಂದು ತೊಟ್ಟಿಯ ಮೇಲೆ ಬಾಗಿ ಬಾಯಿ ತೆರೆದುಕೊಂಡಿರುತ್ತದೆ. ಆ ಬಾಯಿ ಮುಳುಗುವಂತೆ ಒಂದು ಲೋಟ ನೀರು ಹಿಡಿದು, ಕೆಳಗೆ ಪಂಪು ಚಾಲೂ ಮಾಡಲು ಹೇಳಿದೆ. ಲೋಟದ ನೀರನ್ನು ಪೈಪು ಒಳಕ್ಕೆ ಎಳೆದುಕೊಂಡಿತು. ಲೋಟ ಇಲ್ಲದಿದ್ದಾಗ ಪ್ರತಿ ಸಲವೂ ಅದು ಎಳೆದುಕೊಳ್ಳುತ್ತಿದ್ದದ್ದು ಗಾಳಿಯನ್ನು.

ಹೀಗಾಗಲು ಸಾಮಾನ್ಯ ಕಾರಣ ನೀರು ತುಂಬಿಸುವ ಪೈಪು ಕಟ್ಟಿಕೊಂಡಿರುವುದು. ಅದು ಬಿಸಿ ಪೈಪಿಗೆ ಕೂಡುವ ಜಾಗದಲ್ಲಿ ಕಪ್ಪು ಪುಡಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಪೈಪು ಕೊಯ್ಯದೆ ಇದನ್ನು ಪತ್ತೆ ಮಾಡಬಹುದು. ತಾಮ್ರಕ್ಕೆ ಆಯಸ್ಕಾಂತ ಅಂಟುವುದಿಲ್ಲ. ಕೂಡುಜಾಗದ ಮೇಲೆ ಇಟ್ಟ ಆಯಸ್ಕಾಂತ ಅಲ್ಲೇ ನಿಂತರೆ ಅದನ್ನು ಹಿಡಿದಿರುವುದು ಒಳಗಿನ ಮ್ಯಾಗ್ನಟೈಟ್. ನಮ್ಮದು ಗಟ್ಟಿಯಾಗಿ ಅಂಟಿತು. ಪ್ಲಂಬರ್ ಬಂದು ಗೇಣುದ್ದ ಪೈಪು ಕತ್ತರಿಸಿ ತೋರಿಸಿದಾಗ ಒಳಗೆ ಪೆನ್ಸಿಲ್ ತೂರುವಷ್ಟೂ ಜಾಗವಿರಲಿಲ್ಲ. ಅಲ್ಲಿ ಹೊಸ ತುಂಡು ಜೋಡಿಸಿ, ತೊಟ್ಟಿ ತೊಳೆದು, ಲೋಟ ಮತ್ತೆ ಹಿಡಿದೆವು. ನೀರು ಕದಲಲಿಲ್ಲ.

ನೀರು ತುಂಬಿಸುವ ಪೈಪು ಸರಿಯಾದ ಮೇಲೆ ಹೂಳಿನ ಸರದಿ. ತೊಂದರೆಯಿದ್ದ ಎರಡು ರೇಡಿಯೇಟರುಗಳ ವಾಲ್ವು ಮುಚ್ಚುವಾಗ ಎಷ್ಟು ಸುತ್ತು ತಿರುಗಿಸಿದೆವೆಂದು ಬರೆದಿಟ್ಟುಕೊಂಡೆವು. ಮರಳಿ ಅಷ್ಟೇ ತೆರೆದರೆ ಕೋಣೆಗಳ ನಡುವಿನ ಹಂಚಿಕೆ ಕೆಡುವುದಿಲ್ಲ. ಎರಡೂ ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಹಿತ್ತಲಿಗೆ ಹೊತ್ತೆವು, ಏಕೆಂದರೆ ಆ ಕಪ್ಪು ನೀರು ಕಾರ್ಪೆಟ್ಟಿಗೆ ಬಿದ್ದರೆ ಕಲೆ ಹೋಗುವುದಿಲ್ಲ. ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ, ತಿರುಗಿಸುತ್ತಾ, ತಿಳಿನೀರು ಬರುವವರೆಗೆ ಪೈಪಿನಿಂದ ತೊಳೆದೆವು. ಅವನ್ನು ಮತ್ತೆ ಜೋಡಿಸಿ, ಶುಚಿಗೊಳಿಸುವ ದ್ರಾವಣವನ್ನು ತೊಟ್ಟಿಗೆ ಸುರಿದು ಎರಡು ವಾರ ಹೀಟಿಂಗ್ ನಡೆಸಿ ಎಲ್ಲ ನೀರನ್ನೂ ಹೊರಬಿಟ್ಟೆವು. ತುಂಬಿಸುವುದು, ಬಿಡುವುದು ಮೂರು ಸಲ ನಡೆಯಿತು. ಕೊನೆಗೆ ತುಕ್ಕು ತಡೆಯುವ ಇನ್‌ಹಿಬಿಟರ್ ದ್ರಾವಣ ಒಂದು ಲೀಟರ್. ಸುಮಾರು 100 ಲೀಟರ್ ನೀರಿಗೆ ಇದು ಸಾಮಾನ್ಯ ಪ್ರಮಾಣ.

ಆಯಸ್ಕಾಂತದ ಫಿಲ್ಟರ್ ಹಾಕಿಸಿದ್ದು ಇಷ್ಟೆಲ್ಲ ಆದ ಮೇಲೆ, ಬಾಯ್ಲರಿಗೆ ಮರಳುವ ಪೈಪಿನಲ್ಲಿ. ತೇಲಿ ಬರುವ ಕಪ್ಪು ಪುಡಿಯನ್ನು ಅದು ಬಾಯ್ಲರಿನ ಇಕ್ಕಟ್ಟಾದ ಸಂದುಗಳಿಗೆ ಸೇರುವ ಮೊದಲೇ ಹಿಡಿಯುತ್ತದೆ. ರೇಡಿಯೇಟರಿನ ತಳದಲ್ಲಿ ಕೂತದ್ದನ್ನು ಎಳೆದು ತರುವ ಶಕ್ತಿ ಅದಕ್ಕಿಲ್ಲ. ಸುಣ್ಣದ ಹರಳು, ತಾಮ್ರದ ಚೂರುಗಳನ್ನೂ ಆಯಸ್ಕಾಂತ ಹಿಡಿಯದು. ಹೂಳು ತುಂಬಿದ ವ್ಯವಸ್ಥೆಗೆ ಫಿಲ್ಟರ್ ಒಂದನ್ನೇ ಹಾಕಿ ಕಾಯುವುದು ವ್ಯರ್ಥ.

ಆದರೆ ಅದು ವರದಿ ಒಪ್ಪಿಸುವುದರಲ್ಲಿ ನಿಷ್ಠೆಯುಳ್ಳದ್ದು. ಅಕ್ಕಪಕ್ಕದ ವಾಲ್ವು ಮುಚ್ಚಿ, ಆಯಸ್ಕಾಂತವನ್ನು ಅದರ ಕವಚದಿಂದ ಮೇಲೆಳೆದು, ಬಟ್ಟಲಿಗೆ ಬಸಿದರೆ ಹಿಡಿದದ್ದೆಲ್ಲ ಬೀಳುತ್ತದೆ. ಗೆಳೆಯನ ಮನೆಯಲ್ಲಿ ಮೊದಲ ತಿಂಗಳು ಗಟ್ಟಿ ಕಪ್ಪು ಸರಿ ಬಿತ್ತು. ಮೂರನೆಯ ತಿಂಗಳು ತೆಳ್ಳನೆಯ ಲೇಪ. ಹೀಗೆ ಇಳಿಯುತ್ತಾ ಬಂದರೆ ಹಳೆಯ ಬಾಕಿ ತೀರುತ್ತಿದೆ ಎಂದರ್ಥ. ತಿಂಗಳು ತಿಂಗಳೂ ಅಷ್ಟೇ ಬೀಳುತ್ತಿದ್ದರೆ ಸವೆತ ಇನ್ನೂ ನಡೆದಿದೆ. ಆಗ ಗಾಳಿ ಎಲ್ಲಿಂದ, ಇನ್‌ಹಿಬಿಟರ್ ಸಾಕಷ್ಟಿದೆಯೇ ಎಂದು ಮತ್ತೆ ಮೊದಲಿನಿಂದ ಹುಡುಕಬೇಕು. ಬ್ರಿಟನ್ನಿನ ಮಾನದಂಡ ಬಿಎಸ್ 7593 ನೀರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ಹೇಳುವುದು ಇದಕ್ಕೇ.

ಹಾಗಾದರೆ ಯಂತ್ರದ ಫ್ಲಶ್ ಯಾವಾಗ? ಹೆಚ್ಚಿನ ರೇಡಿಯೇಟರುಗಳ ತಳ ತಣ್ಣಗಿದ್ದಾಗ, 8 ಅಥವಾ 10 ಮಿಲಿಮೀಟರಿನ ಸಣ್ಣ ಪೈಪುಗಳಲ್ಲಿ ಹರಿವು ಕುಂದಿದಾಗ, ಹೂಳಿದ್ದ ವ್ಯವಸ್ಥೆಗೆ ಹೊಸ ಬಾಯ್ಲರ್ ಕೂರಿಸುವಾಗ ಅದು ಬೇಕು. ಒಂದೊಂದೇ ರೇಡಿಯೇಟರನ್ನು ತೆರೆದು, ಉಳಿದವನ್ನು ಮುಚ್ಚಿ, ಹರಿವನ್ನು ಹಿಂದು ಮುಂದು ಮಾಡಿ ತೊಳೆಯಬೇಕು. ಎಲ್ಲವನ್ನೂ ಒಟ್ಟಿಗೆ ತೆರೆದಿಟ್ಟರೆ ನೀರು ಸುಲಭದ ದಾರಿ ಹಿಡಿದು ಕಟ್ಟಿಕೊಂಡದ್ದನ್ನು ಬಿಟ್ಟುಹೋಗುತ್ತದೆ. ರೇಡಿಯೇಟರಿನ ಅಂಚಿನಲ್ಲಿ ಕಂದು ಕಣ್ಣೀರಿನಂಥ ಗೆರೆ ಇಳಿದಿದ್ದರೆ ಮಾತ್ರ ಯಂತ್ರ ಹಚ್ಚಬೇಡಿ. ಆ ತಗಡು ತೆಳುವಾಗಿದೆ, ತೂತನ್ನು ಮುಚ್ಚಿದ್ದ ಹೂಳು ಹೋದರೆ ಸೋರುತ್ತದೆ. ಅಂಥದ್ದನ್ನು ಬದಲಿಸುವುದೇ ಸರಿ. ಬಾಯ್ಲರಿನ ಗ್ಯಾಸ್ ಭಾಗವನ್ನಂತೂ ಗ್ಯಾಸ್ ಸೇಫ್ ನೋಂದಣಿ ಇರುವವರೇ ಮುಟ್ಟಬೇಕು.

ಮೊನ್ನೆ ಗೆಳೆಯನ ಮನೆಗೆ ಹೋದಾಗ ನಡುಮನೆಯ ರೇಡಿಯೇಟರಿನ ತಳ ಮುಟ್ಟಿದೆ, ಮೇಲಂಚಿನಷ್ಟೇ ಬೆಚ್ಚಗಿತ್ತು. ಗಾಳಿ ಬಿಡುವ ಸಣ್ಣ ಹಿತ್ತಾಳೆಯ ಕೀಲಿ ಕಿಟಕಿಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಈ ಚಳಿಗಾಲದಲ್ಲಿ ಅದನ್ನು ಒಮ್ಮೆಯೂ ಇಳಿಸಿಲ್ಲವಂತೆ.