ಖಾಲಿ ಸೀಟು ಮತ್ತು ಸಿಗದ ಟಿಕೆಟ್

ಯುವಕ ಸಂಘದ ಹುಡುಗರ ಮುಂದೆ ಉದ್ಯಮದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕಾದವರು ಆ ಹೊತ್ತನ್ನೆಲ್ಲ ‘ರೆಡ್‌ಬಸ್‌’ ಕತೆಗೆ ಕೊಟ್ಟರೂ ನಷ್ಟವಿಲ್ಲ. ಐಡಿಯಾ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕಿಂತ, ಹುಟ್ಟಿದ್ದನ್ನು ಹೇಗೆ ಪರೀಕ್ಷಿಸಬೇಕು ಎಂಬುದು ಅದರಲ್ಲಿದೆ.

2005ರ ದೀಪಾವಳಿ. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿದ್ದ ಫಣೀಂದ್ರ ಸಾಮಾ ಅವರಿಗೆ ಹೈದರಾಬಾದಿಗೆ ಬಸ್ ಟಿಕೆಟ್ ಸಿಗಲಿಲ್ಲ. ಹಬ್ಬದಲ್ಲಿ ಟಿಕೆಟ್ ಸಿಗದವರು ಸಾವಿರಾರು ಮಂದಿ; ಬೈದುಕೊಂಡು ಸುಮ್ಮನಾಗುತ್ತಾರೆ. ಫಣೀಂದ್ರ ಮಾತ್ರ ಏಜೆಂಟರನ್ನೂ ಬಸ್ ಮಾಲೀಕರನ್ನೂ ಹುಡುಕಿಕೊಂಡು ಹೋಗಿ, ಟಿಕೆಟ್ ಮಾರಾಟ ಹೇಗೆ ನಡೆಯುತ್ತದೆಂದು ಕೇಳಿದರು.

ಸೀಟಿನ ಲೆಕ್ಕ ಆಗ ಕಾಗದದ ಚಾರ್ಟಿನಲ್ಲಿತ್ತು. ಏಜೆಂಟ್ ತನಗೆ ಪರಿಚಯವಿದ್ದ ನಾಲ್ಕಾರು ಮಾಲೀಕರಿಗೆ ಫೋನ್ ಮಾಡಿ ‘ಸೀಟಿಲ್ಲ’ ಎನ್ನುತ್ತಿದ್ದ. ಆದರೆ ಅವನಿಗೆ ಗೊತ್ತಿಲ್ಲದ ಇನ್ನೊಂದು ಬಸ್ಸು ಅದೇ ರಾತ್ರಿ ಸೀಟು ಖಾಲಿ ಇಟ್ಟುಕೊಂಡೇ ಹೊರಟಿರಬಹುದಿತ್ತು. ಪ್ರಯಾಣಿಕನಿಗೂ ಮಾಲೀಕನಿಗೂ ಏಕಕಾಲಕ್ಕೆ ನಷ್ಟ. ಹೊರಟು ಹೋದ ಬಸ್ಸಿನ ಸೀಟನ್ನು ಮರುದಿನ ಮಾರಲಾಗದು. ಐಡಿಯಾದ ತೂಕ ಇದ್ದದ್ದು ಇಲ್ಲಿ.

ಗೆಳೆಯರಾದ ಸುಧಾಕರ್ ಪಸುಪುನೂರಿ, ಚರಣ್ ಪದ್ಮರಾಜು ಜೊತೆಗೂಡಿದರು. ಮೊದಲು ಈ ವ್ಯಾಪಾರದವರಿಗೇ ತಂತ್ರಾಂಶ ಕೊಡಲು ಹೊರಟರು, ಯಾರೂ ತೆಗೆದುಕೊಳ್ಳಲಿಲ್ಲ. ಆಗ ಸಮಸ್ಯೆಯನ್ನು ಹಾಗೇ ಉಳಿಸಿಕೊಂಡು ಪರಿಹಾರವನ್ನಷ್ಟೇ ಬದಲಿಸಿದರು: ತಾವೇ ಸೀಟು ಪಡೆದು ಅಂತರ್ಜಾಲದಲ್ಲಿ ಮಾರತೊಡಗಿದರು. 2006ರಲ್ಲಿ ಕಂಪನಿ ಶುರುವಾಯಿತು, 2013ರಲ್ಲಿ ಐಬಿಬೊ ಸಮೂಹ ಅದನ್ನು ಕೊಂಡುಕೊಂಡಿತು.

ಇದೇ ವಿಚಾರಣೆಯನ್ನು ಮಲೆನಾಡಿನ ಸಂಘವೊಂದು ಅಡಿಕೆ ತೋಟಕ್ಕೆ ಒಯ್ಯಬಹುದು. ಕೊನೆ ಕೊಯ್ಯುವ ಕೊನೆಗೌಡರು ಸಿಗುವುದಿಲ್ಲ ಎಂಬ ದೂರು ಎಲ್ಲ ಕಡೆ ಇದೆ. ‘ಕೊನೆಗೌಡರನ್ನು ಕರೆಸುವ ಆ್ಯಪ್ ಮಾಡಿದರೆ ಬಳಸ್ತೀರಾ?’ ಎಂದು ಕೇಳಿದರೆ ಯಾವ ರೈತನೂ ಬೇಡ ಎನ್ನುವುದಿಲ್ಲ. ಕೇಳಿದ ಹುಡುಗನ ಮನಸ್ಸು ಯಾಕೆ ಮುರಿಯಬೇಕು! ಆ ‘ಹೂಂ’ಗೆ ಬೆಲೆಯಿಲ್ಲ. ಕೇಳಬೇಕಾದ್ದು ನಡೆದದ್ದನ್ನು: ‘ಹೋದ ವರ್ಷ ಕೊಯ್ಲು ಎಷ್ಟು ದಿನ ತಡವಾಯ್ತು? ಆಗ ಏನು ಮಾಡಿದ್ರಿ? ಎಷ್ಟು ಖರ್ಚಾಯ್ತು?’

ಮುಂಗಡ ಕೊಟ್ಟು ಕಾದೆ, ಫೈಬರ್ ದೋಟಿ ಕೊಂಡೆ, ಪಕ್ಕದೂರಿನಿಂದ ಜೀಪು ಮಾಡಿ ಕರೆಸಿದೆ ಎಂದು ಹತ್ತರಲ್ಲಿ ಏಳೆಂಟು ಜನ ಹೇಳಿದರೆ, ಪರಿಹಾರಕ್ಕಾಗಿ ಅವರು ಈಗಾಗಲೇ ದುಡ್ಡು ಬಿಚ್ಚುತ್ತಿದ್ದಾರೆ ಎಂದರ್ಥ. ‘ಏನೋ ಹೇಗೋ ಆಯ್ತು ಮಾರಾಯ’ ಎಂದರೆ ಆ ಐಡಿಯಾ ಬಿಡುವುದು ಲೇಸು.

ಆಮೇಲೆ ಕೊನೆಗೌಡರನ್ನೂ ಕೇಳಬೇಕು. ಕೆಲಸ ಬೇಕಾದಷ್ಟಿದ್ದು ಆಳುಗಳೇ ಕಡಿಮೆಯಿದ್ದರೆ ಆ್ಯಪ್ ಮರ ಹತ್ತುವುದಿಲ್ಲ. ಬಸ್ಸಿನ ಕತೆಯಲ್ಲಿ ಖಾಲಿ ಸೀಟು ಎಲ್ಲೋ ಇತ್ತು, ಸುದ್ದಿ ಮಾತ್ರ ತಲುಪುತ್ತಿರಲಿಲ್ಲ. ಇಲ್ಲಿ ಸೀಟೇ ಇಲ್ಲವೆಂದಾದರೆ ಸಂಘ ಯೋಚಿಸಬೇಕಾದ್ದು ಹೊಸ ಹುಡುಗರಿಗೆ ದೋಟಿ ಹಿಡಿಯುವ ತರಬೇತಿ ಕೊಡುವ ಬಗ್ಗೆ, ಕೊಯ್ಲು ಮುಗಿದ ತಿಂಗಳುಗಳಲ್ಲಿ ಅವರಿಗೆ ಯಾವ ಕೆಲಸ ಎಂಬುದರ ಬಗ್ಗೆ.