ಜವ, ವೇಗ ಮತ್ತು ಸ್ಪೀಡು: ಒಂದು ವರ್ಕ್‌ಶೀಟಿನ ಓದು

ಕಳೆದ ರಜೆಯಲ್ಲಿ ಮುದಗಲ್ಲಿಗೆ ಹೋದಾಗ ಒಂಬತ್ತನೇ ತರಗತಿಯ ಅಕ್ಕನ ಮಗಳು ವಿಜ್ಞಾನದ ಒಂದು ವರ್ಕ್‌ಶೀಟು ತಂದು ಮುಂದಿಟ್ಟಳು. ‘ಚಲನೆ’ ಪಾಠದ ಮೇಲೆ ಹತ್ತು ಪ್ರಶ್ನೆ. ಆರು ಕನ್ನಡದಲ್ಲಿವೆ, ನಾಲ್ಕು ಇಂಗ್ಲಿಷಿನಲ್ಲಿ. ಕನ್ನಡದ ಪ್ರಶ್ನೆಗಳ ಒಳಗೂ ಅಲ್ಲಲ್ಲಿ ವೆಲಾಸಿಟಿ, ಗ್ರಾಫ್, ಯೂನಿಟ್. ತಲೆಬರಹದ ಕೆಳಗೆ ಒಂದು ಸೂಚನೆ: ಪ್ರಶ್ನೆ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಉತ್ತರಿಸಿ. ಹುಡುಗಿಯ ತಕರಾರು ಸರಳವಾಗಿತ್ತು: “ಮಾಮಾ, ವೆಲಾಸಿಟಿ ಲೆಕ್ಕ ಹಾಕಿ ಅಂತ ಐತಿ. ಇದು ಕನ್ನಡ ಪ್ರಶ್ನೇನೋ, ಇಂಗ್ಲಿಷೋ?”

ಭಾಷೆ ಬೆರೆಯಿತಲ್ಲ ಎಂದು ಗೊಣಗುವುದು ನಮ್ಮಂಥವರಿಗೆ ಸುಲಭ. ಆದರೆ ಅವಳು ಬರೆದ ಉತ್ತರಗಳನ್ನು ಓದಿದ ಮೇಲೆ ನನಗೆ ಬೇರೆಯೇ ಒಂದು ತೊಡಕು ಕಂಡಿತು.

ಮೂರನೇ ಪ್ರಶ್ನೆ ಕನ್ನಡದ್ದು. ಒಬ್ಬ ಹುಡುಗ ಮನೆಯಿಂದ 600 ಮೀಟರ್ ದೂರದ ಅಂಗಡಿಗೆ ನೇರ ದಾರಿಯಲ್ಲಿ ನಡೆದು, ಅದೇ ದಾರಿಯಲ್ಲಿ ಮನೆಗೆ ಮರಳುತ್ತಾನೆ. ಒಟ್ಟು 20 ನಿಮಿಷ. ಅವನ ಸರಾಸರಿ ವೇಗ ಎಷ್ಟು? ಇವಳು 1200 ಮೀಟರನ್ನು 1200 ಸೆಕೆಂಡಿನಿಂದ ಭಾಗಿಸಿ, ಸೆಕೆಂಡಿಗೆ 1 ಮೀಟರ್ ಎಂದು ಬರೆದಿದ್ದಳು. ತಪ್ಪು. ಏಳನೇ ಪ್ರಶ್ನೆ ಇಂಗ್ಲಿಷಿನದು: 90 ಮೀಟರ್ ಉದ್ದದ ಈಜುಕೊಳದಲ್ಲಿ ಒಬ್ಬಳು ಒಂದು ನಿಮಿಷದಲ್ಲಿ ಆ ತುದಿಗೆ ಈಜಿ, ಈ ತುದಿಗೆ ಮರಳುತ್ತಾಳೆ. ಆವರೇಜ್ ಸ್ಪೀಡ್ ಎಷ್ಟು, ಆವರೇಜ್ ವೆಲಾಸಿಟಿ ಎಷ್ಟು? ಇವಳ ಉತ್ತರ: ಸ್ಪೀಡ್ ಸೆಕೆಂಡಿಗೆ 3 ಮೀಟರ್, ವೆಲಾಸಿಟಿ ಸೊನ್ನೆ. ಎರಡೂ ಸರಿ.

ಎರಡು ಪ್ರಶ್ನೆಗಳ ಒಳಗಿರುವುದು ಒಂದೇ ಲೆಕ್ಕ. ಹೊರಟ ಜಾಗಕ್ಕೇ ಮರಳಿದರೆ ನಡೆದ ದೂರ ಉಳಿಯುತ್ತದೆ, ಸ್ಥಾನಪಲ್ಲಟ ಸೊನ್ನೆಯಾಗುತ್ತದೆ. ಪಠ್ಯಪುಸ್ತಕದ ಕನ್ನಡದಲ್ಲಿ ದೂರವನ್ನು ಕಾಲದಿಂದ ಭಾಗಿಸಿದರೆ ಬರುವುದು ಜವ, ಸ್ಥಾನಪಲ್ಲಟವನ್ನು ಭಾಗಿಸಿದರೆ ಬರುವುದು ವೇಗ. ಹಾಗಾಗಿ ಅಂಗಡಿಗೆ ಹೋಗಿಬಂದ ಹುಡುಗನ ಸರಾಸರಿ ಜವ ಸೆಕೆಂಡಿಗೆ 1 ಮೀಟರ್, ಸರಾಸರಿ ವೇಗ ಸೊನ್ನೆ. ಇಂಗ್ಲಿಷಿನಲ್ಲಿ ಇದನ್ನು ಬಲ್ಲ ಹುಡುಗಿ ಕನ್ನಡದಲ್ಲಿ ಎಡವಿದಳು. ಅವಳ ಮನೆಮಾತು ಕನ್ನಡ ಎಂಬುದನ್ನು ನೆನಪಿಟ್ಟುಕೊಳ್ಳಿ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಲಿಂಗಸುಗೂರು ರಸ್ತೆಗೆ ಬಂದರೆ ಸಾಕು. ಹೆದ್ದಾರಿಯ ಫಲಕಗಳು ‘ವೇಗ ಮಿತಿ’ ಎನ್ನುತ್ತವೆ. ಅಲ್ಲಿ ದಿಕ್ಕಿನ ಮಾತೇ ಇಲ್ಲ, ಅದು ಶುದ್ಧ ಸ್ಪೀಡು. ಪತ್ರಿಕೆಯ ‘ಅತಿವೇಗ’ವೂ ಅದೇ. ಅಂದರೆ ಊರೆಲ್ಲ ವೇಗ ಎಂದು ಕರೆಯುವುದನ್ನು ಪಠ್ಯಪುಸ್ತಕ ಜವ ಎನ್ನುತ್ತದೆ, ವೇಗ ಎಂಬ ಮಾತನ್ನು ಎತ್ತಿ ಇನ್ನೊಂದಕ್ಕೆ ಕೊಡುತ್ತದೆ. ಇತ್ತ ಅವಳ ಅಡುಗೆಮನೆಯಲ್ಲಿ ಜವವೂ ಇಲ್ಲ, ವೇಗವೂ ಇಲ್ಲ. “ಗಾಡಿ ಭಾಳ ಸ್ಪೀಡ್ ಹೊಂಟಿತ್ತು” ಎನ್ನುತ್ತಾರೆ. ಹೀಗಾಗಿ ಇಲ್ಲಿ ಮನೆಮಾತಿನ ಪದ ಸ್ಪೀಡು, ಪರದೇಶಿ ಪದ ಜವ. (ಜವ ಎಂದರೆ ಜವರಾಯ ನೆನಪಾಗುತ್ತಾನೆ ಎಂದು ಅಕ್ಕ ನಕ್ಕಳು. ಅದು ಯಮನಿಂದ ಬಂದ ಬೇರೆ ಜವ, ಆದರೆ ಮಗುವಿಗೆ ಅದನ್ನು ಹೇಳಿದವರು ಯಾರು?) ವೆಲಾಸಿಟಿಗೆ ಊರಿನಲ್ಲಿ ಬೇರೆ ಅರ್ಥವೇ ಇಲ್ಲ, ಅದು ತರಗತಿಯಲ್ಲೇ ಹುಟ್ಟಿದ ಪದ. ಬೇರೆ ನೆನಪುಗಳು ಅಂಟಿಕೊಂಡಿಲ್ಲದ್ದರಿಂದ ಅದು ಗೊಂದಲ ಮಾಡುವುದಿಲ್ಲ.

ಇಷ್ಟಕ್ಕೇ ಇಂಗ್ಲಿಷೇ ವಾಸಿ ಎಂದುಬಿಡುವಂತಿಲ್ಲ. ಏಳನೇ ಪ್ರಶ್ನೆಯ ಈಜುಕೊಳ ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ವರ್ಷಗಟ್ಟಲೆ ಇದ್ದ ಮಾದರಿ ಲೆಕ್ಕ. 90, 180, ಒಂದು ನಿಮಿಷ, ಎಲ್ಲ ಅವೇ ಅಂಕಿಗಳು. ನಾನು ಕೊಳವನ್ನು 50 ಮೀಟರ್ ಮಾಡಿ, ಈಜುವವಳು ಆ ತುದಿಗೆ ಹೋಗಿ ಅಲ್ಲೇ ನಿಂತಳು ಎಂದು ಬದಲಿಸಿ ಕೇಳಿದೆ. “ವೆಲಾಸಿಟಿ ಸೊನ್ನಿ” ಎಂದಳು ತಟ್ಟನೆ. ಮರಳದಿದ್ದ ಮೇಲೆ ಅದು ಸೊನ್ನೆಯಾಗುವುದು ಹೇಗೆ? ಅಂದರೆ ಇಂಗ್ಲಿಷಿನ ಸರಿಯುತ್ತರ ಬಾಯಿಪಾಠ, ಕನ್ನಡದ ತಪ್ಪುತ್ತರ ಅವಳದೇ ಯೋಚನೆ. ಹಾಳೆ ತಿದ್ದಿದವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ, ಏಳಕ್ಕೆ ಪೂರ್ಣಾಂಕ ಬಿದ್ದಿತ್ತು, ಮೂರಕ್ಕೆ ಕೆಂಪು ಗೆರೆ.

ಪ್ರಶ್ನೆಯ ಭಾಷೆಯಲ್ಲೇ ಉತ್ತರಿಸು ಎಂಬ ನಿಯಮದ ಮೇಲೆ ನನ್ನ ಆಕ್ಷೇಪ ಇಲ್ಲಿಯದು. ಅದು ಪ್ರತಿ ಪ್ರಶ್ನೆಯನ್ನೂ ಒಂದೊಂದು ಕೋಣೆಯಲ್ಲಿ ಕೂಡಿಹಾಕುತ್ತದೆ. ವೇಗವೂ ವೆಲಾಸಿಟಿಯೂ ಒಂದೇ ಎಂಬ ಸುದ್ದಿ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವುದೇ ಇಲ್ಲ. ನಮ್ಮ ಹುಡುಗಿಗೆ ಅವೆರಡೂ ಒಂದೇ ಎಂದು ನಾನು ಹೇಳಿದಾಗ ಅವಳು ಪುಸ್ತಕ ತೆಗೆದು ನೋಡಿಯೇ ನಂಬಿದ್ದು.

ಹಾಗೆಂದು ಹಾಳೆ ತಯಾರಿಸಿದ ಶಿಕ್ಷಕರನ್ನು ದೂರಲಾರೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಹೋದ ದಿನವೇ ಎಲ್ಲ ಇಂಗ್ಲಿಷಾಗುತ್ತದೆ, ಅದಕ್ಕೆ ಈಗಲೇ ಅಭ್ಯಾಸವಾಗಲಿ ಎಂಬುದು ಅವರ ಕಾಳಜಿ. 2019-20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದ ಮೇಲೆ ಬಂದ ದ್ವಿಭಾಷಾ ಪಠ್ಯಪುಸ್ತಕಗಳ ಹಿಂದೆಯೂ ಇದೇ ಯೋಚನೆಯಿದೆ. ಅಲ್ಲಿ ಎರಡೂ ಭಾಷೆಗಳಲ್ಲಿ ಒಂದೇ ವಿಷಯ ಬರುತ್ತದೆ. ವರ್ಕ್‌ಶೀಟಿನಲ್ಲಿ ಹಾಗಲ್ಲ, ಒಂದು ವಿಷಯ ಈ ಭಾಷೆಯಲ್ಲಿ, ಇನ್ನೊಂದು ಆ ಭಾಷೆಯಲ್ಲಿ.

ಈ ಊರಿಗೆ ಇಂಥ ತೊಡಕು ಹೊಸದೂ ಅಲ್ಲ. ಮುದಗಲ್ಲು ನಿಜಾಮರ ಸೀಮೆಯಲ್ಲಿದ್ದಾಗ, 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಅಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಲು ಅನುವಾದ ಸಂಸ್ಥೆಯೊಂದು ಪಾರಿಭಾಷಿಕ ಪದಗಳನ್ನು ಟಂಕಿಸುತ್ತಿತ್ತು. ಸುಮಾರು ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಮಾಸಪತ್ರಿಕೆ ತಂದು ಕನ್ನಡದಲ್ಲಿ ಆ ಕೆಲಸಕ್ಕಿಳಿದಿದ್ದರು. ಅತ್ತ ಅರಬ್ಬಿ-ಫಾರಸಿಯಿಂದ ಪದ ಬಂತು, ಇತ್ತ ಸಂಸ್ಕೃತದಿಂದ. ಎರಡೂ ಕಡೆ ಪದ ಕಟ್ಟಿದವರು ತುಂಬು ವಿದ್ವಾಂಸರು, ಎರಡೂ ಕಡೆ ಸಂತೆಯ ಮಾತು ಹೊರಗುಳಿಯಿತು.

ಇನ್ನೊಂದು ಸ್ವಾರಸ್ಯ: ಕನ್ನಡದ ಪ್ರಶ್ನೆ ಎಂದು ನಾವು ಕರೆಯುವುದೂ ಪೂರ್ತಿ ಕನ್ನಡವಲ್ಲ. ಸೂತ್ರ ಬಂದ ಕೂಡಲೇ v = u + at. ವೇಗಕ್ಕೆ v ಎಂದು ಹೇಗೋ ನೆನಪಿಡಬಹುದು, ಸ್ಥಾನಪಲ್ಲಟಕ್ಕೆ s ಯಾಕೆ? ಇಂಗ್ಲಿಷಿನ ಡಿಸ್‌ಪ್ಲೇಸ್‌ಮೆಂಟಿಗೂ ಆ ಅಕ್ಷರ ಹೊಂದುವುದಿಲ್ಲ. ಸೂತ್ರದ ಮುಂದೆ ಎರಡೂ ಮಾಧ್ಯಮದ ಮಕ್ಕಳು ಸಮಾನರು ಎನ್ನಬಹುದು.

ಹಾಳೆಯಲ್ಲಿ ಏನು ಬದಲಾಗಬೇಕೆಂದು ಕೇಳಿದರೆ ನನ್ನ ಬೇಡಿಕೆ ದೊಡ್ಡದಲ್ಲ. ಪದ ಮೊದಲ ಸಲ ಬಂದಲ್ಲಿ ಎರಡೂ ಹೆಸರು ಅಕ್ಕಪಕ್ಕ ಇರಲಿ: ಜವ ಅಥವಾ ಸ್ಪೀಡ್, ವೇಗ ಅಥವಾ ವೆಲಾಸಿಟಿ. ಭಾಷೆಯ ನಿಯಮ ಪಾರಿಭಾಷಿಕ ಪದಕ್ಕಷ್ಟೇ ಇರಲಿ, ವಿವರಣೆಗೆ ಬೇಡ. ಒಂದೇ ಲೆಕ್ಕವನ್ನು ಅಂಕಿ ಬದಲಿಸಿ ಎರಡೂ ಭಾಷೆಯಲ್ಲಿ ಒಮ್ಮೆ ಕೇಳಲಿ. ಎರಡರಲ್ಲೂ ತಪ್ಪಿದರೆ ಪಾಠ ತಿಳಿದಿಲ್ಲ ಎನ್ನಬಹುದು. ಒಂದರಲ್ಲಿ ಮಾತ್ರ ತಪ್ಪಿದರೆ ಪದ ತೊಡಕಾಗಿರಬೇಕು, ಅಥವಾ ಇನ್ನೊಂದು ಬಾಯಿಪಾಠವಾಗಿರಬೇಕು. ಆಗ ಎದುರು ಕೂರಿಸಿಕೊಂಡು ಒಂದು ಮಾತು ಕೇಳಬೇಕಾಗುತ್ತದೆ. ಅರವತ್ತು ಮಕ್ಕಳ ತರಗತಿಯಲ್ಲಿ ಅದು ಸುಲಭವಲ್ಲ, ಒಪ್ಪುತ್ತೇನೆ.

ನಾನು ಮನೆಯಲ್ಲಿ ಕೇಳಿದ್ದು ಒಂದೇ ಹುಡುಗಿಯನ್ನು. ಕೋಟೆ ಬಾಗಿಲಿನಿಂದ ಬಸ್‌ಸ್ಟ್ಯಾಂಡಿಗೆ ಒಂದು ಗೆರೆ ಎಳೆಸಿ, ಹೋಗಿ ಬಂದದ್ದು ಬೇರೆ, ಹೋಗಿ ನಿಂತದ್ದು ಬೇರೆ ಎಂದು ತೋರಿಸಿದೆ. ಸ್ವಲ್ಪ ಹೊತ್ತು ಪೆನ್ಸಿಲು ಕಚ್ಚುತ್ತ ಕೂತಳು. “ಎಷ್ಟು ತಿರುಗಿದ್ವಿ ಅನ್ನೋದು ಜವ. ಹೊಂಟಲ್ಲಿಂದ ಎಷ್ಟು ದೂರ, ಯಾವ ಕಡಿಗೆ ಬಂದ್ವಿ ಅನ್ನೋದು ವೆಲಾಸಿಟಿ. ಹೌದಿಲ್ಲೋ ಮಾಮಾ?” ಕಾಲದಿಂದ ಭಾಗಿಸುವುದನ್ನು ಬಿಟ್ಟಿದ್ದಳು, ಅದನ್ನು ಸೇರಿಸಿದೆ. ಆಮೇಲೆ ಅವಳು ಮೂರನೇ ಪ್ರಶ್ನೆಯ ಕೆಳಗೆ ಅದನ್ನೇ ಬರೆಯಲು ಹೋಗಿ ತಡೆದಳು. ಅದು ಕನ್ನಡದ ಪ್ರಶ್ನೆ, ವೆಲಾಸಿಟಿ ಅಂತ ಬರೆದರೆ ಅಂಕ ಹೋಗುತ್ತದೆಯಂತೆ.