ಕಣ್ಣಿಲ್ಲದವರಿಗೆ ಕಣ್ಣಿನ ಪರೀಕ್ಷೆ

ಕೆರೆಬಿಳಚಿಯಲ್ಲಿ ಕಣ್ಣು ಕಾಣದ ಪದವಿ ವಿದ್ಯಾರ್ಥಿನಿಯೊಬ್ಬಳು ಆನ್‌ಲೈನಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಾಳೆ ಎಂದುಕೊಳ್ಳಿ. ಅವಳ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಇದೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ ಅದು. ಟ್ಯಾಬ್ ಒತ್ತಿದಂತೆಲ್ಲ ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ನಂಬರು ಎಂದು ಅದು ಹೇಳುತ್ತಾ ಹೋಗುತ್ತದೆ, ಅವಳು ತುಂಬುತ್ತಾ ಹೋಗುತ್ತಾಳೆ. ಕೊನೆಯಲ್ಲಿ ಕ್ಯಾಪ್ಚಾ ಬರುತ್ತದೆ: ಚಿತ್ರದಲ್ಲಿರುವ ಅಕ್ಷರಗಳನ್ನು ನಮೂದಿಸಿ. `G` ಒತ್ತಿ ಚಿತ್ರದ ಮೇಲೆ ಹೋದರೆ ಕೇಳಿಸುವುದು 'ಗ್ರಾಫಿಕ್' ಎಂಬ ಒಂದೇ ಮಾತು.

ಅಕ್ಷರಗಳನ್ನು ಚಿತ್ರದ ಹಿಂದೆ ಪಠ್ಯವಾಗಿ ಬರೆದಿಟ್ಟರೆ ರೋಬಾಟ್ ಕೂಡ ಓದಿಬಿಡುತ್ತದೆ, ಆದ್ದರಿಂದ ಬರೆಯುವುದಿಲ್ಲ. ಇದು ಒಪ್ಪತಕ್ಕ ಕಾರಣವೇ. ಆದರೆ ಜಾಲತಾಣಗಳ ಸುಗಮತೆಗೆ ಜಗತ್ತು ಒಪ್ಪಿರುವ ಡಬ್ಲ್ಯೂಸಿಎಜಿ ನಿಯಮಗಳು ಕ್ಯಾಪ್ಚಾಕ್ಕೆ ಕೊಟ್ಟ ವಿನಾಯಿತಿ ಅಷ್ಟಕ್ಕೇ ನಿಲ್ಲುವುದಿಲ್ಲ. ಚಿತ್ರ ಏತಕ್ಕೆ ಇದೆ ಎಂದಾದರೂ ಹೇಳಬೇಕು, ಇನ್ನೊಂದು ಇಂದ್ರಿಯಕ್ಕೆ ಒದಗುವ ಪರೀಕ್ಷೆಯನ್ನೂ ಇಡಬೇಕು. ನಮ್ಮ ಎಷ್ಟೋ ಪುಟಗಳು ಈ ಎರಡನ್ನೂ ಮಾಡಿಲ್ಲ.

ಅನುಭವಸ್ಥರು ಇಲ್ಲಿ ಒಂದು ಉಪಾಯ ಮಾಡುತ್ತಾರೆ. `NVDA+R` ಒತ್ತಿದರೆ ವಿಂಡೋಸಿನಲ್ಲೇ ಇರುವ ಓಸಿಆರ್ ಚಿತ್ರದ ಅಕ್ಷರಗಳನ್ನು ಗುರುತಿಸಲು ನೋಡುತ್ತದೆ. ಗೆರೆ ಎಳೆದು ಅಕ್ಷರ ತಿರುಚಿದ್ದರೆ ತಪ್ಪಾಗುತ್ತದೆ, ಸಾದಾ ಚಿತ್ರವಾದರೆ ಓದಿಬಿಡುತ್ತದೆ. ಅದು ಓದಿತೆಂದರೆ ಯಾವ ರೋಬಾಟೂ ಓದಬಲ್ಲದು, ಅಂಥ ಕ್ಯಾಪ್ಚಾ ಕಾವಲಾಗಿ ಉಳಿದಿಲ್ಲ. ತಿರುಚಿದ ಚಿತ್ರದ ಕಾವಲೂ ಗಟ್ಟಿಯಲ್ಲ. ಕ್ಯಾಪ್ಚಾ ಬಿಡಿಸುವುದರಲ್ಲಿ ರೋಬಾಟ್‌ಗಳು ಮನುಷ್ಯರಿಗಿಂತ ಬೇಗ, ಹೆಚ್ಚು ಸರಿಯಾಗಿ ಗೆಲ್ಲುತ್ತವೆ ಎಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನವರ 2023ರ ಅಧ್ಯಯನ ತೋರಿಸಿತು. ಹಾಗಾದರೆ ಈ ಚಿತ್ರ ನಿಜವಾಗಿ ಬಾಗಿಲು ಹಾಕುವುದು ಅಂಧರ ಮುಖಕ್ಕೆ.

ಆಡಿಯೋ ಕ್ಯಾಪ್ಚಾ ಇದ್ದರೆ ಸಾಕೇ? ಇಲ್ಲದಿರುವುದಕ್ಕಿಂತ ಮೇಲು, ಆದರೆ ಅದನ್ನು ಮಾಡಿರುವ ರೀತಿಯಲ್ಲೇ ದೋಷವಿದೆ. ಪ್ಲೇ ಬಟನ್ ಒಂದು ಕಡೆ, ಉತ್ತರದ ಪೆಟ್ಟಿಗೆ ಇನ್ನೊಂದು ಕಡೆ. ಬಟನ್ ಒತ್ತಿದ ಕೂಡಲೇ ಗದ್ದಲದ ನಡುವೆ ಅಂಕಿಗಳು ಶುರುವಾಗುತ್ತವೆ. ಪೆಟ್ಟಿಗೆಗೆ ಟ್ಯಾಬ್ ಮಾಡುವಾಗ ಎನ್‌ವಿಡಿಎ ಅದರ ಹೆಸರು ಹೇಳುತ್ತದೆ, ಆ ದನಿಯಡಿ ಮೊದಲ ಅಂಕಿಗಳು ಮುಳುಗಿಹೋಗುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಅಂಕಿಗಳ ಇಂಗ್ಲಿಷ್ ಉಚ್ಚಾರಣೆ ಇನ್ನೊಂದು ತೊಡಕು. ಜೆಫ್ರಿ ಬಿಗ್‌ಹ್ಯಾಮ್ ಮತ್ತು ಆ್ಯನಾ ಕ್ಯಾವೆಂಡರ್ 2009ರಲ್ಲಿ ಆಡಿಯೋ ಕ್ಯಾಪ್ಚಾಗಳನ್ನು ಪರೀಕ್ಷಿಸಿದಾಗ, ಮೊದಲ ಪ್ರಯತ್ನದಲ್ಲಿ ಅಂಧರು ಸರಿ ಉತ್ತರ ಕೊಟ್ಟದ್ದು ಅರ್ಧಕ್ಕಿಂತ ಕಡಿಮೆ ಸಲ. ಸಂಶೋಧಕರು ಅಂಕಿಗಳನ್ನು ಸರಳಗೊಳಿಸಲಿಲ್ಲ. ಆಡಿಸುವ, ಹಿಂದೆ ಸರಿಸುವ ಕೀಲಿಗಳನ್ನು ಉತ್ತರದ ಪೆಟ್ಟಿಗೆಯೊಳಗೇ ತಂದರು, ಅಷ್ಟೆ. ಗೆಲುವು ಶೇ 59ರಷ್ಟು ಹೆಚ್ಚಿತು. ಅಂಧರ ಕಿವಿ ಸೋತಿರಲಿಲ್ಲ, ಪುಟ ಕಟ್ಟಿದವರು ಯೋಚಿಸಿರಲಿಲ್ಲ.

ಆದರೂ ಆಡಿಯೋವನ್ನು ಕೊನೆಯ ಪರಿಹಾರ ಎನ್ನಲಾರೆ. ಕಣ್ಣು, ಕಿವಿ ಎರಡೂ ಇಲ್ಲದೆ ಬ್ರೈಲ್ ಪರದೆ ಮುಟ್ಟಿ ಓದುವವರಿಗೆ ಅದೂ ಮುಚ್ಚಿದ ಬಾಗಿಲೇ. ಕಾವಲಾಗಿಯೂ ಅದು ಗಟ್ಟಿಯಲ್ಲ: ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 2017ರಲ್ಲಿ ಗೂಗಲ್‌ನ ಆಡಿಯೋ ಪರೀಕ್ಷೆಯನ್ನು ಯಂತ್ರದಿಂದಲೇ ಶೇ 85ರಷ್ಟು ಸಲ ಭೇದಿಸಿದ್ದರು.

ಅದಕ್ಕಿಂತ ಸರಿಯಾದ ದಾರಿ ಅದೇ ಅರ್ಜಿಯಲ್ಲಿದೆ. ಮೊಬೈಲ್ ನಂಬರು ಕೊಟ್ಟಾಗಿದೆ, ಓಟಿಪಿ ಹೇಗೂ ಬರುತ್ತದೆ, ಅದನ್ನು ಫೋನಿನ ಟಾಕ್‌ಬ್ಯಾಕ್ ಓದಿ ಹೇಳುತ್ತದೆ. ಒಂದು ನಂಬರಿಗೆ, ಒಂದು ಐಪಿ ವಿಳಾಸಕ್ಕೆ ಗಂಟೆಗೆ ಇಷ್ಟೇ ಓಟಿಪಿ ಎಂದು ಸರ್ವರಿನಲ್ಲಿ ಮಿತಿ ಹಾಕಿದರೆ ಚಿತ್ರದ ಒಗಟು ಮಾಡಬೇಕಾದ ಕೆಲಸದ ಬಹುಪಾಲು ಮುಗಿಯುತ್ತದೆ. ಉತ್ತರ ತಪ್ಪಾದರೆ ತುಂಬಿದ್ದನ್ನೆಲ್ಲ ಅಳಿಸಬಾರದು. ತಪ್ಪಿನ ಸಂದೇಶಕ್ಕೆ `role="alert"` ಎಂದು ಸೇರಿಸಬೇಕು. ಇಲ್ಲದಿದ್ದರೆ ಕೆಂಪಕ್ಷರದಲ್ಲಿ ಏನೋ ಬಂದಿದೆ ಎಂಬುದೇ ಅವಳಿಗೆ ತಿಳಿಯದು.

ಇಷ್ಟಾಗಿಯೂ ಸಿಕ್ಕಿಬಿದ್ದವರಿಗೆ ಸಹಾಯವಾಣಿ ಬೇಕು. ಅಲ್ಲಿ ಫೋನೆತ್ತಿದವರು ಅರ್ಜಿ ಸಂಖ್ಯೆ ಕೇಳಿ, ನೋಂದಾಯಿತ ನಂಬರಿಗೆ ತಾವೇ ಕರೆ ಮಾಡಿ ಖಚಿತಪಡಿಸಿಕೊಂಡು, ಒಂದೇ ಸಲ ಬಳಸಬಹುದಾದ ಕೊಂಡಿ ಕಳಿಸಬೇಕು. ಪಾಸ್‌ವರ್ಡ್, ಓಟಿಪಿ ಕೇಳಕೂಡದು. 'ಯಾರನ್ನಾದರೂ ಕರೆದುಕೊಂಡು ಸೇವಾ ಕೇಂದ್ರಕ್ಕೆ ಹೋಗಿ' ಎನ್ನುವುದು ಸಹಾಯವಲ್ಲ. ಹಾಗೆ ಹೋದವಳು ನಾಲ್ಕು ಜನರ ನಡುವೆ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಅಲ್ಲಿ ಎದ್ದ ಪ್ರಶ್ನೆ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಜೀವಂತ ಎಂದು ತೋರಿಸುವ ಕೆವೈಸಿಯದು. ಆಸಿಡ್ ದಾಳಿಗೆ ತುತ್ತಾದ ಹಲವರು, ಅನೇಕ ಅಂಧರು ಅದನ್ನು ಮಾಡಲಾರರು. ಮಿಟುಕಿಸುವುದಕ್ಕೆ ಬದಲಿ ವಿಧಾನ ಇರಲೇಬೇಕು ಎಂದ ತೀರ್ಪಿನ ತರ್ಕ ಚಿತ್ರದ ಒಗಟಿಗೂ ಅಷ್ಟೇ ಸಲ್ಲುತ್ತದೆ. ಜಾಲತಾಣ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು: ಹೊಸ ಅರ್ಜಿ ನಮೂನೆ ಬಿಡುವ ಮುನ್ನ ಪರದೆಯನ್ನು ಆರಿಸಿ, ಎನ್‌ವಿಡಿಎ ಒಂದನ್ನೇ ನಂಬಿ, ಕೊನೆಯ ಬಟನ್‌ವರೆಗೆ ನೀವೇ ಒಮ್ಮೆ ಅರ್ಜಿ ತುಂಬಿ ನೋಡಿ.